ಮಂಗಳೂರಲ್ಲಿರುವ ತಂಗಿಯೂ ವಾರಸುದಾರಳೇ

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ವ್ಯಾಪಾರಕ್ಕೆ ನೆಲೆಸಿದ ನಮ್ಮವರ ಮನೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಉಪ್ಪ ತೀರಿಹೋಗಿದ್ದಾರೆ, ಖಾತೆಯಲ್ಲಿ 8 ಲಕ್ಷ ಇದೆ, ನಾಮಿನಿ ಇಲ್ಲ. ಕೋರ್ಟಿಗೆ ಓಡಬೇಕಾಗಿಲ್ಲ. ರಿಸರ್ವ್ ಬ್ಯಾಂಕಿನ 2025ರ ನಿಯಮದ ಪ್ರಕಾರ, ವಿಲ್ ಅಥವಾ ತಕರಾರು ಇಲ್ಲದಿದ್ದರೆ ವಾಣಿಜ್ಯ ಬ್ಯಾಂಕಿನಲ್ಲಿ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಉತ್ತರಾಧಿಕಾರ ಪ್ರಮಾಣಪತ್ರ ಕೇಳುವಂತಿಲ್ಲ. ಅರ್ಜಿ, ಮರಣ ಪತ್ರ, ಗುರುತಿನ ಚೀಟಿ, ನಷ್ಟಭರ್ತಿ ಬಾಂಡ್ ಜೊತೆಗೆ ವಾರಸುದಾರರ ಪತ್ರ ಸಾಕು. ಆ ಪತ್ರ ಇಲ್ಲದಿದ್ದರೆ ಮನೆಯವರನ್ನು ಚೆನ್ನಾಗಿ ಬಲ್ಲ, ಆದರೆ ಸಂಬಂಧಿಯಲ್ಲದ, ಬ್ಯಾಂಕಿಗೂ ಒಪ್ಪಿಗೆಯಾದವರೊಬ್ಬರ ಘೋಷಣೆಯೂ ನಡೆಯುತ್ತದೆ. ಎಲ್ಲ ಕಾಗದ ಕೊಟ್ಟ 15 ದಿನದೊಳಗೆ ಹಣ ಕೊಡಬೇಕು.

ನಮ್ಮ ತಕರಾರು ಬೇರೆ. ನಾಡಕಚೇರಿಗೆ ವಂಶವೃಕ್ಷ ಬರೆದುಕೊಡುವಾಗ ಮಂಗಳೂರಿಗೆ ಮದುವೆಯಾಗಿ ಹೋದ ತಂಗಿಯ ಹೆಸರನ್ನೇ ಬಿಡುವವರಿದ್ದಾರೆ. ‘ಅವಳ ಸಹಿಗೆ ಅಷ್ಟು ದೂರ ಯಾರು ಹೋಗ್ತಾರೆ’ ಅಂತಾರೆ. ಇದು ಸುಳ್ಳು ಘೋಷಣೆ. ಅವಳು ಆಕ್ಷೇಪ ಎತ್ತಿದರೆ ಹಣ ಅಲ್ಲೇ ನಿಲ್ಲುತ್ತದೆ. ವಾರಸುದಾರರ ಪತ್ರ ಯಾರು ಯಾರು ಎಂದಷ್ಟೇ ಹೇಳುತ್ತದೆ, ಪಾಲು ಹೇಳುವುದಿಲ್ಲ. ಉಪ್ಪನ ತಂದೆತಾಯಿ ಇಲ್ಲ, ಸಾಲ ತೀರಿದೆ ಎಂದಾದರೆ ಉಮ್ಮನಿಗೆ 1 ಲಕ್ಷ, ಇಬ್ಬರು ಗಂಡುಮಕ್ಕಳಿಗೆ ತಲಾ 2.80 ಲಕ್ಷ, ತಂಗಿಗೆ 1.40 ಲಕ್ಷ. ಹಣ ಅಣ್ಣನ ಖಾತೆಗೇ ಬರಲಿ ಎಂದು ಅವಳು ಬ್ಯಾಂಕಿನ ಹಕ್ಕು ನಿರಾಕರಣೆ ಪತ್ರಕ್ಕೆ ಸಹಿ ಹಾಕಬಹುದು. ಆದರೆ ಈ 1.40 ಲಕ್ಷದ ಲೆಕ್ಕವನ್ನು ಸಹಿಗೆ ಮೊದಲೇ ಅವಳಿಗೆ ಹೇಳಿರಬೇಕು.