ಗೆರೆಯ ತುದಿಯಲ್ಲಿ ಅರ್ಧ ಅಂಕ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಮಲ್ಲೇಶ್ವರದಲ್ಲಿರುವ ಪರೀಕ್ಷಾ ಮಂಡಳಿ ಮಾದರಿ ಉತ್ತರಗಳನ್ನು ಪ್ರಕಟಿಸುತ್ತದೆ. ಅದರಲ್ಲಿ ಚಿತ್ರದ ಪ್ರಶ್ನೆಯ ಅಂಕ ಎರಡು ಪಾಲು. ಮೂರು ಅಂಕದ್ದಾದರೆ ಸಾಮಾನ್ಯವಾಗಿ ಚಿತ್ರಕ್ಕೆ ಎರಡು, ಗುರುತಿಸಲು ಹೇಳಿದ ಎರಡು ಭಾಗಗಳಿಗೆ ಅರ್ಧರ್ಧ. ಬಿಎಸ್ಸಿ ಓದುತ್ತಾ ಚಾಮರಾಜಪೇಟೆಯಲ್ಲಿ ಮನೆಪಾಠ ಹೇಳುವ ನನಗೆ ಈ ಪಾಲಿನ ಬಗ್ಗೆಯೇ ಒಂದು ತಕರಾರಿದೆ.

ಹೆಸರಿನ ಅರ್ಧ ಅಂಕ ಇರುವುದು ಗೆರೆ ಮುಟ್ಟುವ ಜಾಗದಲ್ಲಿ. ಹೃದಯವನ್ನೇ ನೋಡಿ. ಮಹಾಪಧಮನಿ ಹೊರಡುವುದು ಎಡ ಹೃತ್ಕುಕ್ಷಿಯಿಂದ. ಆದರೆ ಬಲ ಹೃತ್ಕುಕ್ಷಿಯ ಶ್ವಾಸಕೋಶದ ಅಪಧಮನಿ ಅದರ ಮುಂದೆಯೇ ಅಡ್ಡ ಹಾಯುತ್ತದೆ. ಗೆರೆಯನ್ನು ಅವೆರಡೂ ಸೇರುವಲ್ಲಿ ನಿಲ್ಲಿಸಿದರೆ ಯಾವುದನ್ನು ತೋರಿಸಿದ್ದೆಂದು ಮೌಲ್ಯಮಾಪಕರಿಗೆ ತಿಳಿಯದು. ಮೇಲಿನ ಕಮಾನಿಗೆ ಮುಟ್ಟಿಸಿದರೆ ಅನುಮಾನವೇ ಇಲ್ಲ. ಹೃದಯ ನಮ್ಮ ಎದುರು ನಿಂತವರದ್ದು, ಹಾಗಾಗಿ ಅದರ ಎಡ ಹಾಳೆಯ ಬಲಕ್ಕೆ ಬರುತ್ತದೆ. ಇಲ್ಲಿ ತಿರುವುಮುರುವಾದರೆ ನಾಲ್ಕೂ ಕೋಣೆಗಳ ಹೆಸರು ಒಟ್ಟಿಗೆ ತಪ್ಪುತ್ತವೆ.

ನೆಫ್ರಾನ್‌ನಲ್ಲಿ ತೊಡಕು ಬೌಮನ್‌ನ ಕೋಶದ್ದು. ಅದು ಬಟ್ಟಲು, ಒಳಗಿನ ರಕ್ತನಾಳಗಳ ಗಂಟು ಗ್ಲೊಮೆರುಲಸ್. ಗೆರೆ ಬಟ್ಟಲಿನ ಗೋಡೆ ದಾಟಿ ಗಂಟನ್ನು ಮುಟ್ಟಿದರೆ ಹೆಸರೇ ಬದಲಾಯಿತು. ನರಕೋಶದಲ್ಲಿ ಎರಡೂ ತುದಿ ಕವಲೊಡೆದಿರುವುದರಿಂದ ಗೊಂದಲ. ಕೋಶಕೇಂದ್ರ ಇರುವ ಕೋಶಕಾಯದಿಂದಲೇ ಚಾಚಿದ ಗಿಡ್ಡ ಕವಲುಗಳು ಡೆಂಡ್ರೈಟ್. ಉದ್ದನೆಯ ಆಕ್ಸಾನ್ ದಾಟಿದ ಮೇಲೆ ಸಿಗುವುದು ನರತುದಿ.

ಇಷ್ಟನ್ನು ಮಕ್ಕಳಿಗೆ ಒಂದು ಸಂಜೆಯಲ್ಲಿ ಕಲಿಸಬಹುದು. ಕಷ್ಟವಿರುವುದು ಚಿತ್ರದ ಎರಡು ಅಂಕದಲ್ಲಿ. ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಂಡವರು ಹೆಸರಿನ ಅರ್ಧ ಅಂಕ ಬಿಟ್ಟುಹೋಗಿದ್ದರೆ ಬೆರಳಿಟ್ಟು ತೋರಿಸಬಹುದು. ಚಿತ್ರಕ್ಕೆ ಎರಡರಲ್ಲಿ ಒಂದೇ ಬಂದಿದ್ದರೆ ಏನು ಕಡಿಮೆಯಾಯಿತೆಂದು ಯಾವ ಆಧಾರದ ಮೇಲೆ ಕೇಳುವುದು? ಈ ಭಯಕ್ಕೇ ನಮ್ಮ ಹುಡುಗರು ಪೆನ್ಸಿಲ್ ಉಜ್ಜಿ ಉಜ್ಜಿ ನೆರಳು ತುಂಬುತ್ತಾರೆ. ಕೈ ಓಡದ ಹುಡುಗಿಯೊಬ್ಬಳು, "ಅಕ್ಕಾ, ನಂಗೆ ಡ್ರಾಯಿಂಗ್ ಬರಲ್ಲ, ಆ ಪ್ರಶ್ನೆ ಬಿಟ್ಬಿಡ್ತೀನಿ" ಎನ್ನುತ್ತಾಳೆ. ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಅವಳು ನೋಡದೆ ಹೇಳಬಲ್ಲಳು!

ಆ ಎರಡು ಅಂಕವನ್ನೂ ಬಿಡಿಸಿ ಹಂಚಬಾರದೇಕೆ? ನಾಲ್ಕು ಕೋಣೆಗಳಿಗೆ ಅರ್ಧ. ಎಡ-ಬಲದ ರಕ್ತ ಬೆರೆಯದಂತೆ ನಡುವಿನ ಭಿತ್ತಿ ಎಲ್ಲೂ ಕಡಿಯದಿದ್ದರೆ ಅರ್ಧ. ಬಲ ಹೃತ್ಕುಕ್ಷಿ ಪಕ್ಕದ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು, ಎಡದ್ದು ಇಡೀ ದೇಹಕ್ಕೆ ತಳ್ಳಬೇಕು. ಅದರ ಗೋಡೆ ದಪ್ಪವಾಗಿ ಕಂಡರೆ ಅರ್ಧ. ರಕ್ತನಾಳಗಳು ಸರಿಯಾದ ಕೋಣೆಗೆ ಸೇರಿದ್ದರೆ ಉಳಿದರ್ಧ. ಸೊಟ್ಟ ಗೆರೆಯ ಹೃದಯಕ್ಕೂ ಹೀಗೆ ಪೂರ್ತಿ ಎರಡು ಅಂಕ ಸಿಗಬಹುದು, ನೆರಳು ತುಂಬಿದ ಮೂರು ಕೋಣೆಯ ಹೃದಯಕ್ಕೆ ಸಿಗಲಾರದು.