ಲೋಗೋಗೆ ದುಡ್ಡು ಕೊಟ್ಟಾಗಿದೆ, ಹಕ್ಕು ಬಂದಿದೆಯೇ?

ಕೋವಿಡ್ ಲಾಕ್‌ಡೌನ್ ಹೊತ್ತಿನಲ್ಲಿ ಮನೆಯ ಅಡುಗೆಮನೆಯಲ್ಲಿ ಶುರುವಾದ ಎಷ್ಟೋ ಸಣ್ಣ ವ್ಯಾಪಾರಗಳು ಇಂದು ಅಂಗಡಿಯ ಕಪಾಟು ಏರಿವೆ. ಸಾರಿನ ಪುಡಿ, ಗಾಣದ ಎಣ್ಣೆ, ರಾಗಿ ಬಿಸ್ಕತ್ತು ಹೀಗೆ. ಪೊಟ್ಟಣದ ಮೇಲಿನ ಲೋಗೋ ಮಾಡಿಸಿದ್ದು ಹೇಗೆ ಎಂದು ಈ ಮಾಲೀಕರನ್ನು ಕೇಳಿದರೆ ಅನೇಕರ ಉತ್ತರ ಒಂದೇ. ಪರಿಚಯದವರು ಹೇಳಿದ ಫ್ರೀಲಾನ್ಸ್ ಡಿಸೈನರ್ ಒಬ್ಬರಿಗೆ ವಾಟ್ಸ್ಯಾಪ್‌ನಲ್ಲಿ ವಿಷಯ ತಿಳಿಸಿದೆವು, ನಾಲ್ಕಾರು ಮಾದರಿ ಕಳಿಸಿದರು, ಒಂದನ್ನು ಒಪ್ಪಿದೆವು, ಫೋನ್‌ಪೇ ಮಾಡಿದೆವು, ಫೈಲು ಬಂತು. ಕಾಗದಕ್ಕೆ ಯಾರೂ ಸಹಿ ಹಾಕಿಲ್ಲ. ಈ ವ್ಯಾಪಾರಗಳು ಬೆಳೆದು, ಹೊರಗಿನವರು ಹಣ ಹೂಡಲು ಬರುವ ಹೊತ್ತಿನಲ್ಲಿ ಈ ಕೊರತೆ ದೊಡ್ಡ ತೊಡಕಾಗಲಿದೆ. ಸರಿಪಡಿಸಿಕೊಳ್ಳಲು ಇನ್ನೂ ಸಮಯವಿದೆ ಎಂಬ ಕಾರಣಕ್ಕೇ ಈಗ ಬರೆಯುತ್ತಿದ್ದೇವೆ.

ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಚಿತ್ರವನ್ನು ಬರೆದವರೇ ಅದರ ಮೊದಲ ಒಡೆಯರು. ಲೋಗೋ ಎಂಬುದು ಆ ಕಾಯ್ದೆಯ ಕಣ್ಣಿನಲ್ಲಿ ಕಲಾಕೃತಿ. ಸಂಬಳಕ್ಕೆ ದುಡಿಯುವ ನೌಕರರು ಕೆಲಸದ ಭಾಗವಾಗಿ ಬರೆದದ್ದಾದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಹಕ್ಕು ನೇರವಾಗಿ ಧಣಿಗೆ ಸೇರುತ್ತದೆ. ಫ್ರೀಲಾನ್ಸರ್ ನೌಕರರಲ್ಲ. ಹಣ ಕೊಟ್ಟು ಮಾಡಿಸಿದ ಫೋಟೋ, ವರ್ಣಚಿತ್ರ, ಭಾವಚಿತ್ರಗಳ ಹಕ್ಕು ಮಾಡಿಸಿದವರದ್ದು ಎಂದು 17ನೇ ಸೆಕ್ಷನ್ನಿನಲ್ಲಿ ಒಂದು ವಿನಾಯಿತಿ ಇದೆ. ಆದರೆ ಆ ಪಟ್ಟಿಯಲ್ಲಿ ರೇಖಾಚಿತ್ರದ ಹೆಸರಿಲ್ಲ. ಲೋಗೋವನ್ನು ವರ್ಣಚಿತ್ರವೆಂದು ವಾದಿಸಿ ಗೆಲ್ಲುವ ಭರವಸೆಯ ಮೇಲೆ ವ್ಯಾಪಾರ ಕಟ್ಟುವುದು ಜಾಣತನವಲ್ಲ. ಫ್ರೀಲಾನ್ಸರ್ ಕೈಯಿಂದ ಹಕ್ಕು ದಾಟಿ ಬರಲು 19ನೇ ಸೆಕ್ಷನ್ ಇಟ್ಟಿರುವ ದಾರಿ ಒಂದೇ: ಬರಹದಲ್ಲಿ, ಅವರ ಅಥವಾ ಅವರು ಅಧಿಕಾರ ಕೊಟ್ಟವರ ಸಹಿಯೊಂದಿಗೆ ವರ್ಗಾವಣೆ. ಹಣ ಕೊಟ್ಟ ರಸೀದಿ ವರ್ಗಾವಣೆಯಲ್ಲ. ರಸೀದಿಯಿಂದ ಹೆಚ್ಚೆಂದರೆ ಲೋಗೋ ಬಳಸಲು ಅನುಮತಿ ಇತ್ತು ಎಂದು ವಾದಿಸಬಹುದು. ಆದರೆ ಬಳಸುವ ಅನುಮತಿಯನ್ನು ಹಿಡಿದುಕೊಂಡು ಆ ಲೋಗೋವನ್ನು ಇನ್ನೊಬ್ಬರಿಗೆ ಮಾರಲಾಗದು, ಅದನ್ನು ನಕಲು ಮಾಡಿದವರ ಮೇಲೆ ಕಾಪಿರೈಟ್ ಒಡೆಯರೆಂದು ದಾವೆ ಹೂಡಲೂ ಆಗದು.

ಇದು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಇಂಗ್ಲೆಂಡಿನ ಡಾಕ್ಟರ್ ಮಾರ್ಟೆನ್ಸ್ ಬೂಟಿನ ಪ್ರಕರಣವನ್ನು ನೋಡಬೇಕು. ಆ ಬೂಟು ತಯಾರಿಸುತ್ತಿದ್ದ ಗ್ರಿಗ್ಸ್ ಕಂಪನಿ ತನ್ನ ಎರಡು ಹಳೆಯ ಗುರುತುಗಳನ್ನು ಕೂಡಿಸಿ ಹೊಸ ಲೋಗೋ ಮಾಡಿಕೊಡುವಂತೆ ಜಾಹೀರಾತು ಸಂಸ್ಥೆಯೊಂದಕ್ಕೆ ಹೇಳಿತು. ಸಂಸ್ಥೆ ಆ ಕೆಲಸವನ್ನು ಎವಾನ್ಸ್ ಎಂಬ ಫ್ರೀಲಾನ್ಸರ್‌ಗೆ ಒಪ್ಪಿಸಿತು. ಅವರಿಗೆ ಸಿಕ್ಕಿದ್ದು ಗಂಟೆಗೆ 15 ಪೌಂಡ್. ಕಾಪಿರೈಟ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ವರ್ಷಗಳು ಕಳೆದ ಮೇಲೆ ಎವಾನ್ಸ್ ಆ ಲೋಗೋದ ಹಕ್ಕನ್ನು ಆಸ್ಟ್ರೇಲಿಯಾದ ಒಂದು ಪ್ರತಿಸ್ಪರ್ಧಿ ಪಾದರಕ್ಷೆ ಕಂಪನಿಗೆ ಬರೆದುಕೊಟ್ಟರು. ತನ್ನ ಬೂಟಿನ ಮೇಲಿನ ಗುರುತು ತನ್ನದೆಂದು ಸಾಧಿಸಲು ಗ್ರಿಗ್ಸ್ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 2005ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಗ್ರಿಗ್ಸ್ ಪರವಾಗಿಯೇ ನಿಂತಿತು. ಲೋಗೋ ಮಾಡಿಸಿದ ಕಂಪನಿಗೇ ಅದು ಸೇರಬೇಕು, ಹೊರಗಿನವರಿಗೆ ಮಾರುವ ಹಕ್ಕನ್ನು ಡಿಸೈನರ್ ಇಟ್ಟುಕೊಳ್ಳುವುದು ಯಾರ ಮನಸ್ಸಿನಲ್ಲೂ ಇರಲು ಸಾಧ್ಯವಿರಲಿಲ್ಲ ಎಂಬುದು ಅದರ ತರ್ಕ.

ನಮ್ಮಲ್ಲೂ ಹಾಗೇ ತೀರ್ಪು ಬರಬಹುದಲ್ಲ ಎಂದು ಸಮಾಧಾನ ಪಡುವವರಿಗೆ ಒಂದು ಮಾತು. ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಕಾನೂನಿನ ಅಕ್ಷರದಂತೆ ಹಕ್ಕು ಎವಾನ್ಸ್ ಅವರದ್ದೇ ಆಗಿತ್ತು. ನ್ಯಾಯಾಲಯ ನ್ಯಾಯಪ್ರಜ್ಞೆಯ ಬಲದಿಂದ ಅದನ್ನು ಗ್ರಿಗ್ಸ್ ಕಡೆ ತಿರುಗಿಸಿತು. ವಕೀಲರ ಪಡೆಯಿದ್ದ ಕಂಪನಿ ಎರಡು ಹಂತ ಹೋರಾಡಿ ಪಡೆದದ್ದನ್ನು ದಾವಣಗೆರೆಯ ಖಾರದ ಪುಡಿ ವ್ಯಾಪಾರಿ ಪಡೆಯಬಲ್ಲರೇ?

ಕಾಗದ ಮಾಡಿಸಿಕೊಂಡವರೂ ನಿಶ್ಚಿಂತರಾಗುವಂತಿಲ್ಲ. ನಮಗೆ ಹೆಚ್ಚು ಆತಂಕ ಇರುವುದು ಇಲ್ಲಿಯೇ. ಆ ದಾವಣಗೆರೆಯ ವ್ಯಾಪಾರಿಯನ್ನೇ ಉದಾಹರಣೆಗೆ ಕಲ್ಪಿಸಿಕೊಳ್ಳೋಣ. 2021ರ ಜೂನ್‌ನಲ್ಲಿ ಅವರು ಡಿಸೈನರ್‌ಗೆ 12,000 ರೂಪಾಯಿ ಕೊಟ್ಟು, “ಈ ಲೋಗೋದ ಕಾಪಿರೈಟ್ ಇವರಿಗೆ ಕೊಟ್ಟಿದ್ದೇನೆ” ಎಂದು ಒಂದು ಸಾಲು ಬರೆಸಿ ಸಹಿ ಹಾಕಿಸಿಕೊಂಡಿದ್ದಾರೆ. ಇದು ಶಾಶ್ವತ ವರ್ಗಾವಣೆ ಎಂದು ಅವರ ನಂಬಿಕೆ. ಆದರೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು ಐದು ವರ್ಷಕ್ಕೆ ಮಾತ್ರ ಎಂದು ಕಾಯ್ದೆ ಹೇಳುತ್ತದೆ. ಅಂದರೆ 2026ರ ಜೂನ್‌ಗೆ ಹಕ್ಕು ಸದ್ದಿಲ್ಲದೆ ಡಿಸೈನರ್ ಬಳಿಗೆ ಮರಳುತ್ತದೆ. ನೋಟಿಸ್ ಬರುವುದಿಲ್ಲ, ಯಾರೂ ನೆನಪಿಸುವುದಿಲ್ಲ. ಪ್ರದೇಶ ಬರೆಯದಿದ್ದರೆ ವರ್ಗಾವಣೆ ಭಾರತಕ್ಕೆ ಮಾತ್ರ. ದುಬೈಗೆ ಪುಡಿ ಕಳಿಸತೊಡಗಿದ ದಿನದಿಂದಲೇ ಆ ಪತ್ರ ಅಲ್ಲಿ ಕೆಲಸಕ್ಕೆ ಬಾರದು. ಇನ್ನೂ ಒಂದಿದೆ. ವರ್ಗಾಯಿಸಿಕೊಂಡ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ರೀತಿ ಬರೆದುಕೊಂಡಿರದಿದ್ದರೆ, ಆ ಹಕ್ಕಿನ ಮಟ್ಟಿಗೆ ವರ್ಗಾವಣೆ ಬಿದ್ದುಹೋಗುತ್ತದೆ. ಲಾಕ್‌ಡೌನ್ ವರ್ಷಗಳಲ್ಲಿ ಮಾಡಿಕೊಂಡ ಇಂಥ ಒಂದು ಸಾಲಿನ ಪತ್ರಗಳ ಐದು ವರ್ಷ ಮುಗಿಯುವ ಕಾಲವಿದು. ಕಪಾಟು ತೆರೆದು ದಿನಾಂಕ ನೋಡಿಕೊಳ್ಳಿ.

ತೊಡಕು ಕಾಣಿಸಿಕೊಳ್ಳುವುದು ಮೂರು ನಾಲ್ಕು ಗೊತ್ತಾದ ಜಾಗಗಳಲ್ಲಿ. ಲೋಗೋವನ್ನು ಕಲಾಕೃತಿಯಾಗಿ ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಲು ಹೋದಾಗ ಬರೆದವರ ನಿರಾಕ್ಷೇಪಣಾ ಪತ್ರ ಕೇಳುತ್ತಾರೆ. ಟ್ರೇಡ್‌ಮಾರ್ಕ್ ಅರ್ಜಿ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು. ಕಾಪಿರೈಟ್ ಕಾನೂನಿನಿಂದ ತಡೆಯಬಹುದಾದ ಗುರುತನ್ನು ನೋಂದಾಯಿಸಬಾರದು ಎಂದು ಟ್ರೇಡ್‌ಮಾರ್ಕ್ ಕಾಯ್ದೆಯೇ ಹೇಳಿದೆ. ಫ್ರಾಂಚೈಸಿ ಕೊಡುವಾಗಲೂ ಹೂಡಿಕೆದಾರರ ವಕೀಲರು ಕಡತ ತಿರುವುವಾಗಲೂ ಇದೇ ಪ್ರಶ್ನೆ ಏಳುತ್ತದೆ. ಆ ಗಳಿಗೆಯಲ್ಲಿ ಡಿಸೈನರ್ ಬಳಿ ಸಹಿ ಕೇಳಲು ಹೋದರೆ, ಅಂದು 12,000 ಪಡೆದವರು ಇಂದು ಎಷ್ಟು ಕೇಳಿದರೂ ಅದು ಅವರ ಹಕ್ಕಿನ ಬೆಲೆ. ಅವರನ್ನು ದೂಷಿಸುವುದು ನ್ಯಾಯವಲ್ಲ. ಕಡಿಮೆ ದರಕ್ಕೆ ಕೆಲಸ ಮಾಡಿಕೊಟ್ಟವರಿಗೆ, ತಮ್ಮ ಕೃತಿ ಮುಂದೆ ಯಾರ ಸೊತ್ತಾಗುತ್ತದೆ ಎಂದು ಯಾರೂ ಕೂತು ವಿವರಿಸಿರಲಿಲ್ಲ.

ಪರಿಹಾರ ದುಬಾರಿಯಲ್ಲ. ಬಾಂಧವ್ಯ ಚೆನ್ನಾಗಿರುವಾಗಲೇ ಡಿಸೈನರ್ ಜತೆ ಕೂತು ಒಂದು ವರ್ಗಾವಣೆ ಪತ್ರ ಮಾಡಿಕೊಳ್ಳಬೇಕು. ಲೋಗೋದ ಚಿತ್ರವನ್ನೇ ಪತ್ರಕ್ಕೆ ಅಂಟಿಸಿ, ಅದರ ಎಲ್ಲ ಹಕ್ಕುಗಳು, ಕಾಪಿರೈಟ್ ಇರುವ ಪೂರ್ತಿ ಅವಧಿಗೆ, ಇಡೀ ಜಗತ್ತಿಗೆ, ಇಂತಿಷ್ಟು ಹಣಕ್ಕೆ ಎಂದು ಬಿಡಿಸಿ ಬರೆಯಬೇಕು. ಒಂದು ವರ್ಷದ ಮಿತಿ ಇದಕ್ಕೆ ಅನ್ವಯಿಸದು ಎಂಬ ಸಾಲೂ ಇರಲಿ. ಹೊಸದಾಗಿ ಸ್ವಲ್ಪ ಹಣ ಕೊಡುವುದು ಮರ್ಯಾದೆ, ಪತ್ರಕ್ಕೂ ಬಲ. ತಮ್ಮ ಕೆಲಸಗಳ ಸಂಗ್ರಹದಲ್ಲಿ ಆ ಲೋಗೋ ತೋರಿಸಿಕೊಳ್ಳಲು ಡಿಸೈನರ್‌ಗೆ ಅದೇ ಪತ್ರದಲ್ಲಿ ಒಪ್ಪಿಗೆ ಕೊಡಿ. ನಡುವೆ ಜಾಹೀರಾತು ಸಂಸ್ಥೆ ಇದ್ದರೆ ಸಂಸ್ಥೆಯ ಸಹಿ ಸಾಲದು. ಅವರಿಗೆ ಫ್ರೀಲಾನ್ಸರ್‌ನಿಂದ ಹಕ್ಕು ಬಂದಿದೆ ಎಂಬ ಪತ್ರವನ್ನೂ ನೋಡಬೇಕು. ಚಿತ್ರ ಪೂರ್ತಿ ಸ್ವಂತದ್ದೋ, ಯಾವುದಾದರೂ ತಾಣದ ರೆಡಿಮೇಡ್ ಚಿತ್ರ ಸೇರಿದೆಯೋ ಎಂದೂ ಕೇಳಿ, ಯಾಕೆಂದರೆ ತಮ್ಮದಲ್ಲದ್ದನ್ನು ಡಿಸೈನರ್ ವರ್ಗಾಯಿಸಲಾರರು.

ಡಿಸೈನರ್ ಸಿಗದಿದ್ದರೆ? ವ್ಯಾಪಾರದ ಹೆಸರನ್ನು ಬರೀ ಅಕ್ಷರಗಳಲ್ಲಿ, ಚಿತ್ರವಿಲ್ಲದೆ, ಪದವಾಗಿ ಟ್ರೇಡ್‌ಮಾರ್ಕ್‌ಗೆ ಹಾಕಿ. ಹೆಸರಿಗೆ ಕಾಪಿರೈಟ್ ಇರುವುದಿಲ್ಲವಾದ್ದರಿಂದ ಅಲ್ಲಿ ಅವರ ಸಹಿಯ ಅಗತ್ಯವಿಲ್ಲ. ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿಯ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ಹಳೆಯ ಚಿತ್ರವನ್ನು ತುಸು ತಿದ್ದಿದರೆ ಅದು ನಕಲೇ ಆಗುತ್ತದೆ. ಹಾಗಾಗಿ ಅದನ್ನು ಕೈಬಿಟ್ಟು, ಈ ಬಾರಿ ಸಹಿ ಆದ ಮೇಲೆಯೇ ಬಾಕಿ ಹಣ ಎಂಬ ಕರಾರಿನೊಂದಿಗೆ, ಹೊಸದೊಂದನ್ನು ಬರೆಸುವುದು ಉಳಿದಿರುವ ದಾರಿ.