ಇಂಗ್ಲಿಷ್ ಶಬ್ದದ ತಲಿ ಮ್ಯಾಲೆ ಕನ್ನಡ ಬರಿಯೂದು ಬಿಡ್ರಿ

ಅಕ್ಕಾರ, ತಂಗ್ಯಾರ, ಇವತ್ತ ಸ್ವಲ್ಪ ಸಿಟ್ಟಿಲೆ ಬರೀಲಿಕ್ಕತ್ತೀನಿ. ಮಕ್ಕಳ ಇಂಗ್ಲಿಷ್ ಪುಸ್ತಕ ತಗದ್ರ ಸಾಕು, ಪ್ರತಿ ಶಬ್ದದ ತಲಿ ಮ್ಯಾಲೆ ಪೆನ್ಸಿಲ್‌ಲೆ ಕನ್ನಡ ಅಕ್ಷರ! ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಯಾವ ಊರಾಗಿನ ಬೀಗರ ಮನಿಗೆ ಹೋದ್ರೂ ಇದ ನೋಡೀನಿ. ಬರದಾಕಿ ತಾಯಿನ. ನಾನೂ ಬರದೀನಿ. ಮಗಳಿಗೆ "ವೆಜಿಟೇಬಲ್" ಅಂತ ಬರಕೊಟ್ಟೆ, ಆಕಿ ದೊಡ್ಡಾಕಿ ಆಗೂಮಟ ಹಂಗ ಅಂದ್ಲು, ನೌಕರಿ ಕೇಳಾಕ ಹೋದಲ್ಲಿ ಒಬ್ಬರು ನಕ್ಕರು. ನಕ್ಕವರದು ತಪ್ಪು ಖರೇ, ಆದ್ರ ಬರದ ಕೈ ನಂದು.

ಮನ್ಯಾಗ ಹಾರ್ನ್‌ಬಿ ಅವರ ಆಕ್ಸ್‌ಫರ್ಡ್ ಡಿಕ್ಷನರಿ ಇತ್ತು. ಶಬ್ದದ ಮುಂದ ಎರಡು ಓರೆ ಗೆರಿ ನಡುವ ವಿಚಿತ್ರ ಗುರುತು ಇರ್ತಾವಲ್ಲ, ಅವನ್ನ ದಾಟಿ ಸೀದಾ ಅರ್ಥಕ್ಕ ಹೋಗ್ತಿದ್ದೆ. ಉತ್ತರ ಅಲ್ಲೇ ಇತ್ತು ನೋಡ್ರಿ: /ˈvedʒtəbl/.

ಮೊದಲಿಗೆ ಮ್ಯಾಲೆ ನಿಂತ ಸಣ್ಣ ಗೀಟು, ಅದರ ಮುಂದಿನ ತುಂಡಿಗೆ ಒತ್ತು ಕೊಡ್ರಿ ಅಂತ ಹೇಳತೈತಿ. dʒ ನೋಡಾಕ ಎರಡು, ಸಪ್ಪಳ ಒಂದ, ನಮ್ಮ ಜ್. ಅದಾದ ಕೂಡ್ಲೆ ಟ್, ನಡುವ "ಇ" ಇಲ್ಲ. ತಲಿಕೆಳಗಾದ e ಹಂಗ ಕಾಣೂ ə ಅಂದ್ರ ಬಾಯಿ ಸಡಿಲ ಬಿಟ್ಟು ಅಂದೂ ಅನ್ನದಂಗ ಅನ್ನೂ ಸಣ್ಣ "ಅ". ಕಡೀಕ ಬ್ಲ್. ಕೂಡಿಸಿದ್ರ ವೆಜ್-ಟ-ಬ್ಲ್. ಅದರಾಗ "ಟೇಬಲ್" ಇಲ್ಲೇ ಇಲ್ಲ!

ಕನ್ನಡದಾಗ ಬರದಂಗ ಓದತೀವಿ, ಅದಕ್ಕ ನಮ್ಮ ಅಕ್ಷರದ ಮ್ಯಾಲೆ ಭಾಳ ನಂಬಿಕಿ. ಆದ್ರ ಆ ಸಡಿಲ "ಅ"ಕ್ಕ ನಮ್ಮಲ್ಲಿ ಅಕ್ಷರ ಇಲ್ಲ, ಒತ್ತಿನ ಗೀಟೂ ಇಲ್ಲ. ಫೋಟೊಗ್ರಾಫ್ ಅಂದ್ರ /ˈfəʊtəɡrɑːf/, ಗೀಟು ಮೊದಲಿಗೆ. ಫೋಟೊಗ್ರಫಿ ಅಂದ್ರ /fəˈtɒɡrəfi/, ಗೀಟು ಎರಡನೇ ತುಂಡಿಗೆ ಸರಿತು, ಅಲ್ಲಿದ್ದ "ಫೋ" ಕುಗ್ಗಿ ಬರೇ "ಫ" ಆತು. ಇದನ್ನ ಪೆನ್ಸಿಲ್‌ಲೆ ಹೆಂಗ ಬರೀತೀರಿ?

"ಫೋನ್‌ನ್ಯಾಗ ಕೇಳಿದ್ರಾತಲ್ಲ ವೈನಿ" ಅಂತೀರಿ. ಕೇಳ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ವೆಜಿಟೇಬಲ್ ಅಂತ ರೂಢಿ ಆದ ಕಿವಿ ವೆಜಿಟೇಬಲ್ ಅಂತನ ಕೇಳತೈತಿ. ಗುರುತು ನೋಡಿದ್ರ ಇಲ್ಲದ್ದು ಇಲ್ಲ ಅಂತ ಕಣ್ಣಿಗೆ ಕಾಣತೈತಿ.

ಒಂದು ಕಡೆ ಎಲ್ಲಾರೂ ಎಡವತಾರ: ಗುರುತಿನಾಗ j ಅಂದ್ರ ಜ ಅಲ್ಲ, ಯ. /jes/ ಅಂದ್ರ ಯೆಸ್. ಇನ್ನೊಂದು, ಪ್ರತಿ ಗುರುತಿನ ಸಪ್ಪಳಕ್ಕ ಡಿಕ್ಷನರಿ ಒಂದು ಮಾದರಿ ಶಬ್ದ ಕೊಟ್ಟಿರತೈತಿ, ʌ ಅಂದ್ರ "ಕಪ್"ನ್ಯಾಗಿನ ಅ ಅಂತ. ಆ ಮಾದರಿನ ತಪ್ಪಂದ್ರ ಮುಂದಿಂದೆಲ್ಲಾ ತಪ್ಪು. ಅದಕ್ಕ ಮಾದರಿ ಶಬ್ದ ಅಷ್ಟು, ಸುಮಾರು 44, ಬಲ್ಲವರ ಬಾಯಿಂದ ಒಮ್ಮೆ ಕೇಳಿ ಪಕ್ಕಾ ಮಾಡ್ಕೋರಿ. ಆಮ್ಯಾಲೆ ಯಾರೂ ಅಂದು ತೋರಸದ ಶಬ್ದಾನೂ ಹುಡುಗ್ರು ತಾವ ಓದತಾವ.

ನಿನ್ನೆ ತಮ್ಮನ ಮಗಳ ಪುಸ್ತಕ ಹಿಡದು ಕುಂತು ರಬ್ಬರ್‌ಲೆ ಎಲ್ಲಾ ಅಳಿಸೀನಿ. ಆಕಿ ಅವ್ವ ಇನ್ನೂ ನನ್ನ ಕೂಡ ಮಾತಾಡವಲ್ಲಳು.